ಫಂಡ್ ಸೂಚ್ಯಂಕವನ್ನು ನಿಜವಾಗಿ ಮೀರಿದೆಯಾ? ಟ್ರ್ಯಾಕಿಂಗ್ ಎರರ್, ಇನ್ಫರ್ಮೇಶನ್ ರೇಶಿಯೊ ನಾವೇ ಲೆಕ್ಕ ಹಾಕೋಣ

ಒಂದು ಭಾನುವಾರ ಬೆಳಗ್ಗೆ ನಮ್ಮ ಓಣಿಯ ಕಾಕಾ ಕೈಯಲ್ಲಿ ಒಂದು ಹಾಳೆ ಹಿಡಿದುಕೊಂಡು ಮನೆಗೆ ಬಂದರು. ಹೈಸ್ಕೂಲ್ ಮಾಸ್ತರರಾಗಿ ನಿವೃತ್ತರಾದವರು. ನಿವೃತ್ತಿ ಹಣದಲ್ಲಿ ಒಂದು ಪಾಲು, ದೊಡ್ಡ ಕಂಪನಿಗಳ ಷೇರು ಕೊಳ್ಳುವ ಲಾರ್ಜ್ ಕ್ಯಾಪ್ ಫಂಡ್ ಒಂದರಲ್ಲಿದೆ. ಹಾಳೆ ಕೊಟ್ಟವರು ಅವರ ಏಜೆಂಟ್.

"ತಮ್ಮಾ, ಇದು ನೋಡಪ್ಪ. ನಮ್ಮ ಫಂಡ್ 8.3, ನಿಫ್ಟಿ 100 ಬರೇ 6.5. ನಮ್ದು ಮುಂದ ಅದ. ಕೆಳಗ ಇನ್ಫರ್ಮೇಶನ್ ರೇಶಿಯೊ 1.09 ಅಂತ ಬರದಾರ. ಇದು ಛಲೋ ಅದನೋ ಇಲ್ಲೋ, ಅಷ್ಟ ಹೇಳು."

1.09 ಅಂದರೆ ಛಲೋ ಅಲ್ಲ, ಬಹಳೇ ಛಲೋ. ಅದಕ್ಕೇ ನನಗೆ ಅನುಮಾನ ಬಂತು. ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವವನು, ದಿನವಿಡೀ ಎಕ್ಸೆಲ್ ಮುಂದೆಯೇ ಕೂತಿರುತ್ತೇನೆ. ಲ್ಯಾಪ್‌ಟಾಪ್ ತೆಗೆದು ಇಬ್ಬರೂ ಕೂತೆವು. ಊಟದ ಹೊತ್ತಿಗೆ ಅದೇ ಫಂಡ್‌ಗೆ, ಅದೇ 12 ತಿಂಗಳಿಗೆ, ಮೂರು ಬೇರೆ ಬೇರೆ ಉತ್ತರ ಬಂದಿದ್ದವು: 1.09, 0.36, ಕೊನೆಗೆ ಮೈನಸ್ 0.18. ಆದರೆ ಟ್ರ್ಯಾಕಿಂಗ್ ಎರರ್ ಮಾತ್ರ ಮೂರೂ ಸಲ 1.65 ಅಂತಲೇ ಬಂತು. ಇದು ಹೇಗೆ ಆಯಿತು ಅನ್ನೋದನ್ನ ಒಂದೊಂದೇ ಹಂತವಾಗಿ ಬರೆಯುತ್ತೇನೆ. ನಿಮ್ಮ ಫಂಡ್‌ಗೂ ಇದೇ ಥರ ಮಾಡಿ ನೋಡಬಹುದು. ಫಂಡ್ ಹೆಸರು ಹೇಳುವುದಿಲ್ಲ. ಲೆಕ್ಕ ಕಣ್ಣಿಗೆ ಕಾಣಲಿ ಅಂತ ಅಂಕಿಗಳನ್ನೂ ದುಂಡಗೆ ಮಾಡಿದ್ದೇನೆ.

ಮೊದಲು, ಈ ಎರಡು ಪದ ಏನು ಹೇಳುತ್ತವೆ

ಪ್ರತಿ ತಿಂಗಳು ಫಂಡ್ ಎಷ್ಟು ಪರ್ಸೆಂಟ್ ಬೆಳೆಯಿತು, ಅದರ ಸೂಚ್ಯಂಕ ಎಷ್ಟು ಬೆಳೆಯಿತು ಅಂತ ನೋಡಿ ಕಳೆಯಿರಿ. ಸಿಗುವುದು ಆ ತಿಂಗಳ ವ್ಯತ್ಯಾಸ. ಒಂದು ತಿಂಗಳು ಪ್ಲಸ್ ಇರುತ್ತದೆ, ಇನ್ನೊಂದು ತಿಂಗಳು ಮೈನಸ್. ಈ ವ್ಯತ್ಯಾಸಗಳು ತಮ್ಮದೇ ಸರಾಸರಿಯಿಂದ ಎಷ್ಟು ಆ ಕಡೆ ಈ ಕಡೆ ಓಲಾಡುತ್ತವೆ ಅನ್ನುವ ಅಳತೆಗೆ ಟ್ರ್ಯಾಕಿಂಗ್ ಎರರ್ ಅಂತಾರೆ. ಗಣಿತದವರ ಮಾತಲ್ಲಿ ವ್ಯತ್ಯಾಸಗಳ ಸ್ಟ್ಯಾಂಡರ್ಡ್ ಡೀವಿಯೇಶನ್.

ಇಲ್ಲಿ "ತಮ್ಮದೇ ಸರಾಸರಿಯಿಂದ" ಅನ್ನುವ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮುಂದಿನದೆಲ್ಲ ಅದರ ಮೇಲೇ ನಿಂತಿದೆ.

ನಮ್ಮ ಮಿಲ್‌ನ ತೂಕದ ಮಾತಿನಲ್ಲಿ ಹೇಳುತ್ತೇನೆ. ಒಂದು ಕಾಟಾ ಪ್ರತಿ ತೊಗರಿ ಚೀಲಕ್ಕೂ ಸರಿಯಾಗಿ 200 ಗ್ರಾಂ ಕಡಿಮೆ ತೋರಿಸುತ್ತದೆ ಅಂದುಕೊಳ್ಳಿ. ಯಾವತ್ತೂ 200, ಹೆಚ್ಚಿಲ್ಲ ಕಡಿಮೆ ಇಲ್ಲ. ಇನ್ನೊಂದು ಕಾಟಾ ಒಂದು ಚೀಲಕ್ಕೆ 100 ಗ್ರಾಂ ಜಾಸ್ತಿ, ಮುಂದಿನ ಚೀಲಕ್ಕೆ 100 ಗ್ರಾಂ ಕಡಿಮೆ ತೋರಿಸುತ್ತದೆ. ಟ್ರ್ಯಾಕಿಂಗ್ ಎರರ್ ಥರ ಅಳೆದರೆ ಮೊದಲ ಕಾಟಾದ ಅಂಕಿ ಸೊನ್ನೆ! ಓಲಾಟವೇ ಇಲ್ಲ ಅಲ್ವಾ. ಎರಡನೆಯದೇ ಕೆಟ್ಟದ್ದು ಅಂತ ಕಾಣುತ್ತದೆ. ಆದರೆ ಸಾವಿರ ಚೀಲ ತೂಗಿದ ಮೇಲೆ ರೈತ 200 ಕೆಜಿ ಕಳೆದುಕೊಳ್ಳುವುದು ಮೊದಲ ಕಾಟಾದಲ್ಲಿ.

ಅಂದರೆ ಫಂಡ್ ಪ್ರತಿ ತಿಂಗಳು ಒಂದೇ ಸಮನೆ ಹಿಂದೆ ಬೀಳುತ್ತಿದ್ದರೆ ಟ್ರ್ಯಾಕಿಂಗ್ ಎರರ್‌ಗೆ ಅದು ಕಾಣುವುದೇ ಇಲ್ಲ. ಆ ಹಿಂದೆ ಬಿದ್ದದ್ದನ್ನು, ಮುಂದೆ ಹೋದದ್ದನ್ನು ಲೆಕ್ಕಕ್ಕೆ ತರುವುದು ಇನ್ಫರ್ಮೇಶನ್ ರೇಶಿಯೊ. ವರ್ಷದ ಸರಾಸರಿ ವ್ಯತ್ಯಾಸವನ್ನು ಟ್ರ್ಯಾಕಿಂಗ್ ಎರರ್‌ನಿಂದ ಭಾಗಿಸಿದರೆ ಅದು ಬರುತ್ತದೆ. ಸೂಚ್ಯಂಕದ ದಾರಿ ಬಿಟ್ಟು ಇಷ್ಟು ಓಲಾಡಿದ್ದಕ್ಕೆ ಮ್ಯಾನೇಜರ್ ನಮಗೆ ಎಷ್ಟು ಹೆಚ್ಚು ಗಳಿಸಿಕೊಟ್ಟರು ಅನ್ನುವುದು ಅದರ ಪ್ರಶ್ನೆ.

ಹಂತ 1: ಸರಿಯಾದ ಸೂಚ್ಯಂಕ ಹಿಡಿಯಿರಿ

ಜನ ಎಡವುವುದು ಇಲ್ಲೇ ಜಾಸ್ತಿ. ಕಾಕಾ ಅವರ ಹಾಳೆಯೂ ಇಲ್ಲೇ ಎಡವಿತ್ತು.

ಟಿವಿಯಲ್ಲಿ ಓಡುವ ನಿಫ್ಟಿ, ಪತ್ರಿಕೆಯಲ್ಲಿ ಬರುವ ನಿಫ್ಟಿ, ಎರಡೂ ಬರೀ ಬೆಲೆಯ ಸೂಚ್ಯಂಕ. ಅದರಲ್ಲಿರುವ ಕಂಪನಿ ಡಿವಿಡೆಂಡ್ ಕೊಟ್ಟಾಗ ಷೇರಿನ ಬೆಲೆ ಅಷ್ಟು ಇಳಿಯುತ್ತದೆ, ಸೂಚ್ಯಂಕವೂ ಅಷ್ಟು ಇಳಿಯುತ್ತದೆ. ಕೊಟ್ಟ ಹಣ ಮಾತ್ರ ಅದರ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಫಂಡ್‌ನಲ್ಲಿ ಹಾಗಲ್ಲ. ಅದೇ ಷೇರಿನ ಡಿವಿಡೆಂಡ್ ಫಂಡ್‌ನ ಖಾತೆಗೆ ಬಂದು ಎನ್‌ಎವಿಗೆ, ಅಂದರೆ ಫಂಡ್‌ನ ಒಂದು ಯೂನಿಟ್‌ನ ಬೆಲೆಗೆ, ಸೇರುತ್ತದೆ. ಹೀಗೆ ಫಂಡ್ ಡಿವಿಡೆಂಡ್ ಹಣ ಇಟ್ಟುಕೊಂಡು ಓಡುತ್ತದೆ, ಸೂಚ್ಯಂಕ ಬಿಟ್ಟು ಓಡುತ್ತದೆ. ಇದು ನ್ಯಾಯದ ಪಂದ್ಯ ಅಲ್ಲ.

ಡಿವಿಡೆಂಡ್ ಸೇರಿಸಿದ ಸೂಚ್ಯಂಕಕ್ಕೆ ಟೋಟಲ್ ರಿಟರ್ನ್ ಇಂಡೆಕ್ಸ್, ಚಿಕ್ಕದಾಗಿ ಟಿಆರ್‌ಐ ಅಂತಾರೆ. ಫಂಡ್‌ಗಳು ತಮ್ಮ ಸಾಧನೆಯನ್ನು ಟಿಆರ್‌ಐ ಜೊತೆಗೇ ಹೋಲಿಸಿ ತೋರಿಸಬೇಕು ಅಂತ ಸೆಬಿ ನಿಯಮ ಮಾಡಿದೆ, 2018ರ ಫೆಬ್ರವರಿ 1ರಿಂದ ಅದು ಜಾರಿಯಲ್ಲಿದೆ. ಆದರೆ ಯಾರೋ ಕೈಯಿಂದ ಮಾಡಿಕೊಟ್ಟ ಹಾಳೆ, ವಾಟ್ಸಾಪ್‌ನಲ್ಲಿ ಬಂದ ಚಾರ್ಟ್, ನಾವೇ ಅವಸರದಲ್ಲಿ ಡೌನ್‌ಲೋಡ್ ಮಾಡಿದ ಫೈಲ್, ಇವುಗಳಲ್ಲಿ ಇವತ್ತಿಗೂ ಬೆಲೆಯ ಸೂಚ್ಯಂಕವೇ ಇರುತ್ತದೆ.

ನಿಫ್ಟಿ 50, ನಿಫ್ಟಿ 100ರಂಥ ದೊಡ್ಡ ಕಂಪನಿಗಳ ಸೂಚ್ಯಂಕದಲ್ಲಿ ಈ ಡಿವಿಡೆಂಡ್ ವರ್ಷಕ್ಕೆ ಸುಮಾರು 1ರಿಂದ 1.5% ಇರುತ್ತದೆ. ಕೇಳಲು ಸಣ್ಣದು. ಆದರೆ ಫಂಡ್ ಮ್ಯಾನೇಜರ್ ಸೂಚ್ಯಂಕವನ್ನು ಮೀರುವುದೂ ಇಷ್ಟೇ ಸಣ್ಣ ಅಂತರದಲ್ಲಿ ಅಲ್ವಾ.

ಟಿಆರ್‌ಐ ಅಂಕಿಗಳು niftyindices.com ತಾಣದ ಹಳೆಯ ಡೇಟಾ ಪುಟದಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲಿ ಬೆಲೆಯ ಅಂಕಿಗೂ ಟಿಆರ್‌ಐ ಅಂಕಿಗೂ ಬೇರೆ ಬೇರೆ ಆಯ್ಕೆ ಇದೆ, ನೋಡಿಕೊಂಡು ಒತ್ತಿ. ಸರಿಯಾದದ್ದೇ ಸಿಕ್ಕಿತಾ ಅಂತ ತಿಳಿಯುವ ಸುಲಭ ದಾರಿ ಒಂದಿದೆ: ನಿಫ್ಟಿ 50ರ ಟಿಆರ್‌ಐ ಅಂಕಿ ಟಿವಿಯಲ್ಲಿ ತೋರಿಸುವ ಅಂಕಿಗಿಂತ ಸಾಕಷ್ಟು ದೊಡ್ಡದಿರುತ್ತದೆ, ಯಾಕಂದರೆ ಎಷ್ಟೋ ವರ್ಷದ ಡಿವಿಡೆಂಡ್ ಅದರಲ್ಲಿ ಕೂಡಿದೆ. ಎರಡೂ ಒಂದೇ ಇದ್ದರೆ ನೀವು ತಪ್ಪು ಫೈಲ್ ತೆಗೆದಿದ್ದೀರಿ.

ಇನ್ನೊಂದು ಮಾತು. ಯಾವ ಸೂಚ್ಯಂಕ ಅನ್ನುವುದನ್ನು ನಾವು ಆರಿಸುವುದಲ್ಲ. ಫಂಡ್‌ನ ದಾಖಲೆಯಲ್ಲೇ ಅದು ಬರೆದಿರುತ್ತದೆ. ಲಾರ್ಜ್ ಕ್ಯಾಪ್ ಫಂಡ್‌ಗೆ ನಿಫ್ಟಿ 100 ಅಥವಾ ಬಿಎಸ್‌ಇ 100ರ ಟಿಆರ್‌ಐ ಇರುತ್ತದೆ. ಮಧ್ಯಮ ಗಾತ್ರದ ಕಂಪನಿಗಳ ಮಿಡ್ ಕ್ಯಾಪ್ ಫಂಡನ್ನು ನಿಫ್ಟಿ 50ರ ಪಕ್ಕ ಇಟ್ಟರೆ ಬರುವ ಟ್ರ್ಯಾಕಿಂಗ್ ಎರರ್ ಮ್ಯಾನೇಜರ್‌ದಲ್ಲ, ಹೋಲಿಕೆಯದು.

ಹಂತ 2: ನಿಮ್ಮದೇ ಪ್ಲಾನ್‌ನ ಎನ್‌ಎವಿ ತೆಗೆಯಿರಿ

ಒಂದೇ ಫಂಡ್‌ಗೆ ಹಲವು ಎನ್‌ಎವಿ ಇರುತ್ತವೆ. ಡೈರೆಕ್ಟ್ ಪ್ಲಾನ್‌ಗೆ ಒಂದು, ರೆಗ್ಯುಲರ್ ಪ್ಲಾನ್‌ಗೆ ಒಂದು. ಡೈರೆಕ್ಟ್ ಪ್ಲಾನ್ ಶುರುವಾಗಿದ್ದು 2013ರ ಜನವರಿಯಿಂದ. ಅದರಲ್ಲಿ ಏಜೆಂಟ್ ಕಮಿಷನ್ ಇಲ್ಲ, ಹಾಗಾಗಿ ಖರ್ಚು ಕಡಿಮೆ, ಎನ್‌ಎವಿ ಸ್ವಲ್ಪ ಬೇಗ ಬೆಳೆಯುತ್ತದೆ. ಏಜೆಂಟ್ ಮೂಲಕ ಕೊಂಡವರ ಹತ್ತಿರ ಇರುವುದು ರೆಗ್ಯುಲರ್. ನಿಮ್ಮ ಸ್ಟೇಟ್‌ಮೆಂಟ್‌ನಲ್ಲಿ ಯಾವುದು ಅಂತ ಬರೆದಿರುತ್ತದೆ, ಅದನ್ನೇ ತೆಗೆಯಿರಿ. ಹಳೆಯ ಎನ್‌ಎವಿಗಳು amfiindia.com ನಲ್ಲಿ ಸಿಗುತ್ತವೆ.

ಜೊತೆಗೆ ಗ್ರೋತ್ ಆಯ್ಕೆಯನ್ನೇ ತೆಗೆಯಿರಿ. ಹಣ ಹೊರಗೆ ಹಂಚುವ ಆಯ್ಕೆಯಲ್ಲಿ ಹಂಚಿದ ದಿನ ಎನ್‌ಎವಿ ಧಪ್ ಅಂತ ಬೀಳುತ್ತದೆ. ಅದನ್ನು ಲೆಕ್ಕಕ್ಕೆ ಹಾಕಿದರೆ ಆ ತಿಂಗಳು ಫಂಡ್ ನಷ್ಟ ಮಾಡಿತು ಅಂತ ಕಾಣುತ್ತದೆ, ನಿಜಕ್ಕೂ ಆ ಹಣ ನಿಮ್ಮ ಬ್ಯಾಂಕಿಗೆ ಬಂದಿರುತ್ತದೆ.

ಹಂತ 3: ತಿಂಗಳ ಕೊನೆಯ ಅಂಕಿಗಳನ್ನು ಸಾಲಾಗಿ ಇಡಿ

ಪ್ರತಿ ತಿಂಗಳ ಕೊನೆಯ ವಹಿವಾಟಿನ ದಿನದ ಎನ್‌ಎವಿ, ಅದೇ ದಿನದ ಟಿಆರ್‌ಐ. 12 ತಿಂಗಳ ಬೆಳವಣಿಗೆ ಬೇಕು ಅಂದರೆ 13 ಸಾಲು ಬೇಕು, ಹಿಂದಿನ ಮಾರ್ಚ್ ಕೊನೆಯ ಅಂಕಿಯಿಂದ ಶುರು. ಇದನ್ನು ಮರೆತು 12 ಸಾಲು ತಂದು ಆಮೇಲೆ ಮತ್ತೆ ಹುಡುಕುವುದು ನನಗೂ ಆಗಿದೆ.

ಎಕ್ಸೆಲ್‌ನಲ್ಲಿ A ಕಾಲಮ್‌ನಲ್ಲಿ ದಿನಾಂಕ, B ಯಲ್ಲಿ ಎನ್‌ಎವಿ, C ಯಲ್ಲಿ ಟಿಆರ್‌ಐ. ಮೊದಲ ಅಂಕಿ 2ನೇ ಸಾಲಿನಲ್ಲಿ ಇರಲಿ. 3ನೇ ಸಾಲಿನಲ್ಲಿ ಇವನ್ನು ಬರೆದು 14ನೇ ಸಾಲಿನ ತನಕ ಎಳೆಯಿರಿ:

```
D3: =(B3/B2-1)*100
E3: =(C3/C2-1)*100
F3: =D3-E3
```

D ಫಂಡ್, E ಸೂಚ್ಯಂಕ, F ವ್ಯತ್ಯಾಸ. ನಮಗೆ ಬಂದದ್ದು ಹೀಗೆ. ಇದು ಡೈರೆಕ್ಟ್ ಪ್ಲಾನ್ ಮತ್ತು ಟಿಆರ್‌ಐ ಇಟ್ಟು ಮಾಡಿದ್ದು, ಎಲ್ಲ ಅಂಕಿಗಳೂ ಪರ್ಸೆಂಟ್‌ನಲ್ಲಿ:

| ತಿಂಗಳು | ಫಂಡ್ | ಟಿಆರ್‌ಐ | ವ್ಯತ್ಯಾಸ |
|---|---|---|---|
| ಏಪ್ರಿಲ್ | 2.1 | 1.8 | +0.3 |
| ಮೇ | −0.6 | −0.2 | −0.4 |
| ಜೂನ್ | 3.4 | 2.9 | +0.5 |
| ಜುಲೈ | 1.2 | 1.4 | −0.2 |
| ಆಗಸ್ಟ್ | −1.9 | −1.3 | −0.6 |
| ಸೆಪ್ಟೆಂಬರ್ | 2.8 | 2.1 | +0.7 |
| ಅಕ್ಟೋಬರ್ | −2.7 | −2.3 | −0.4 |
| ನವೆಂಬರ್ | 1.5 | 1.1 | +0.4 |
| ಡಿಸೆಂಬರ್ | 0.9 | 1.2 | −0.3 |
| ಜನವರಿ | −0.8 | −1.1 | +0.3 |
| ಫೆಬ್ರವರಿ | −1.4 | −1.0 | −0.4 |
| ಮಾರ್ಚ್ | 3.8 | 3.1 | +0.7 |

ಕೂಡಿಸಿದರೆ ಫಂಡ್ 8.3, ಸೂಚ್ಯಂಕ 7.7, ವ್ಯತ್ಯಾಸ 0.6. ಇದು ಸುಮ್ನೆ ಕೂಡಿಸಿದ ಮೊತ್ತ, ಚಕ್ರಬಡ್ಡಿ ಥರ ಗುಣಿಸಿದರೆ ಸ್ವಲ್ಪ ಬೇರೆ ಬರುತ್ತದೆ. ಈ ಲೆಕ್ಕಕ್ಕೆ ಸರಾಸರಿ ಸಾಕು.

ಹಾಳೆಯಲ್ಲಿ ಸೂಚ್ಯಂಕ 6.5 ಅಂತಿತ್ತು, ನಮಗೆ 7.7 ಬಂತು. ಮಧ್ಯದ 1.2 ಏನು ಅಂತ ಕಾಕಾ ತಾವೇ ಹಿಡಿದರು: "ಡಿವಿಡೆಂಡ್ ಬಿಟ್ಟಾರ ನೋಡು."

ಹಂತ 4: ಟ್ರ್ಯಾಕಿಂಗ್ ಎರರ್

ಒಂದು ಸಲ ಕೈಯಲ್ಲೇ ಮಾಡಿ ನೋಡಿ, ಆಮೇಲೆ ಮರೆಯುವುದಿಲ್ಲ. 12 ವ್ಯತ್ಯಾಸಗಳ ಮೊತ್ತ 0.6ನ್ನು 12ರಿಂದ ಭಾಗಿಸಿದರೆ ಸರಾಸರಿ 0.05. ಈಗ ಪ್ರತಿ ವ್ಯತ್ಯಾಸದಿಂದ ಈ 0.05 ಕಳೆಯಿರಿ. ಏಪ್ರಿಲ್‌ಗೆ 0.3 ಕಳೆ 0.05, ಅಂದರೆ 0.25. ಅದರ ವರ್ಗ 0.0625. ಮೇ ತಿಂಗಳಿಗೆ ಮೈನಸ್ 0.45, ವರ್ಗ 0.2025. ಹೀಗೆ 12ನ್ನೂ ಮಾಡಿ ಕೂಡಿಸಿದರೆ 2.51 ಬರುತ್ತದೆ. ಅದನ್ನು 11ರಿಂದ ಭಾಗಿಸಿ, 12ರಿಂದಲ್ಲ. ನಮ್ಮ ಹತ್ತಿರ ಇರುವುದು ಫಂಡ್‌ನ ಪೂರ್ತಿ ಆಯುಷ್ಯ ಅಲ್ಲ, ಒಂದು ತುಣುಕು ಮಾತ್ರ, ಸರಾಸರಿಯನ್ನೂ ಅದರಿಂದಲೇ ತೆಗೆದಿದ್ದೇವೆ, ಅದಕ್ಕೇ ಒಂದು ಕಡಿಮೆ. 0.228 ಬಂತು. ವರ್ಗಮೂಲ ತೆಗೆದರೆ 0.478.

ಇದು ಒಂದು ತಿಂಗಳ ಓಲಾಟ. ವರ್ಷದ ಲೆಕ್ಕಕ್ಕೆ 12ರಿಂದಲ್ಲ, 12ರ ವರ್ಗಮೂಲದಿಂದ ಗುಣಿಸಬೇಕು, ಅಂದರೆ 3.464ರಿಂದ. ಯಾಕೆ ಅಂದರೆ ಓಲಾಟಗಳು ಒಂದರ ಮೇಲೊಂದು ಪೂರ್ತಿ ಪೇರುವುದಿಲ್ಲ. ಒಂದು ತಿಂಗಳ ಪ್ಲಸ್ ಇನ್ನೊಂದು ತಿಂಗಳ ಮೈನಸ್ಸನ್ನು ಅಷ್ಟಿಷ್ಟು ನುಂಗುತ್ತದೆ. ಉತ್ತರ 1.65%.

ಎಕ್ಸೆಲ್‌ನಲ್ಲಾದರೆ ಮೂರೇ ಸಾಲು:

```
H1: =AVERAGE(F3:F14)*12
H2: =STDEV(F3:F14)*SQRT(12)
H3: =H1/H2
```

H1 ವರ್ಷದ ಸರಾಸರಿ ವ್ಯತ್ಯಾಸ, H2 ಟ್ರ್ಯಾಕಿಂಗ್ ಎರರ್, H3 ಇನ್ಫರ್ಮೇಶನ್ ರೇಶಿಯೊ. `STDEVP` ಹಾಕಿದರೆ 12ರಿಂದ ಭಾಗಿಸುತ್ತದೆ, 1.58 ಬರುತ್ತದೆ. ದೊಡ್ಡ ತಪ್ಪಲ್ಲ, ಆದರೆ ಎರಡು ಫಂಡ್ ಹೋಲಿಸುವಾಗ ಒಂದಕ್ಕೆ ಒಂದು, ಇನ್ನೊಂದಕ್ಕೆ ಇನ್ನೊಂದು ಹಾಕಬೇಡಿ.

ದೊಡ್ಡ ತಪ್ಪು ಬೇರೆ ಇದೆ. ಕೆಲವರು ಫಂಡ್‌ನ ಓಲಾಟ ಬೇರೆ ತೆಗೆದು, ಸೂಚ್ಯಂಕದ ಓಲಾಟ ಬೇರೆ ತೆಗೆದು, ಒಂದರಿಂದ ಒಂದು ಕಳೆದು ಅದೇ ಟ್ರ್ಯಾಕಿಂಗ್ ಎರರ್ ಅಂತಾರೆ. ನಮ್ಮ ಅಂಕಿಗಳಲ್ಲಿ ಫಂಡ್‌ನದು 7.45, ಸೂಚ್ಯಂಕದ್ದು 6.14, ಕಳೆದರೆ 1.31. ಇದು 1.65 ಅಲ್ಲ, ಆಗುವುದೂ ಇಲ್ಲ. ಫಂಡ್ ಮತ್ತು ಸೂಚ್ಯಂಕ ಒಂದೇ ಅಳತೆಯಲ್ಲಿ ಓಲಾಡುತ್ತಾ, ಒಂದು ಏರುವಾಗ ಇನ್ನೊಂದು ಇಳಿದರೂ ಈ ತಪ್ಪು ಲೆಕ್ಕ ಸೊನ್ನೆ ಕೊಡುತ್ತದೆ. ಮೊದಲು ತಿಂಗಳು ತಿಂಗಳು ಕಳೆಯಬೇಕು, ಓಲಾಟ ಆಮೇಲೆ.

ಹಂತ 5: ಇನ್ಫರ್ಮೇಶನ್ ರೇಶಿಯೊ, ಮೂರು ಸಲ

ಸರಾಸರಿ 0.05 ಇಂಟು 12, ಅಂದರೆ ವರ್ಷಕ್ಕೆ 0.6. ಅದನ್ನು 1.65ರಿಂದ ಭಾಗಿಸಿ: 0.36.

ಈಗ ಏಜೆಂಟ್ ಹಾಳೆಯಲ್ಲಿ ಏನಾಗಿತ್ತು ಅಂತ ನೋಡೋಣ. ಅಲ್ಲಿ ಸೂಚ್ಯಂಕದಿಂದ ವರ್ಷಕ್ಕೆ 1.2% ಡಿವಿಡೆಂಡ್ ಬಿಟ್ಟುಹೋಗಿತ್ತು, ತಿಂಗಳಿಗೆ 0.1 ಅಂತ ಹಿಡಿಯಿರಿ. ಹಾಗಾಗಿ ಪ್ರತಿ ತಿಂಗಳ ವ್ಯತ್ಯಾಸ 0.1 ಜಾಸ್ತಿ ಆಯಿತು. ಸರಾಸರಿ 0.15, ವರ್ಷಕ್ಕೆ 1.8. ಆದರೆ ಎಲ್ಲ ಅಂಕಿಗಳೂ ಒಂದೇ ಸಮ ಮೇಲೆ ಸರಿದರೆ ಓಲಾಟ ಬದಲಾಗುವುದಿಲ್ಲ, ನಮ್ಮ ಮೊದಲ ಕಾಟಾ ಥರ. ಟ್ರ್ಯಾಕಿಂಗ್ ಎರರ್ ಮತ್ತೆ 1.65. ಭಾಗಿಸಿದರೆ 1.09. ಹಾಳೆಯ ಅಂಕಿ ಅದೇ! ನಿಜದಲ್ಲಿ ಡಿವಿಡೆಂಡ್‌ಗಳು ಕೆಲವು ತಿಂಗಳಲ್ಲಿ ಗುಂಪಾಗಿ ಬರುತ್ತವೆ, ಹಾಗಾಗಿ ಓಲಾಟ ಚೂರು ಬದಲಾಗಬಹುದು, ಆದರೆ ಕಣ್ಣಿಗೆ ಬೀಳುವಷ್ಟಲ್ಲ.

ಆಮೇಲೆ ಕಾಕಾ ಅವರ ಸ್ಟೇಟ್‌ಮೆಂಟ್ ತೆಗೆದೆವು. ಅವರದು ರೆಗ್ಯುಲರ್ ಪ್ಲಾನ್. ಹಾಳೆಯಲ್ಲಿದ್ದ 8.3 ಡೈರೆಕ್ಟ್ ಪ್ಲಾನ್‌ದು. ಎರಡರ ಖರ್ಚಿನ ಅಂತರ ವರ್ಷಕ್ಕೆ 0.9%. ತಿಂಗಳಿಗೆ 0.075 ಕಳೆದರೆ ಸರಾಸರಿ ಮೈನಸ್ 0.025, ವರ್ಷಕ್ಕೆ ಮೈನಸ್ 0.3. ಟ್ರ್ಯಾಕಿಂಗ್ ಎರರ್ ಆಗಲೂ 1.65. ಇನ್ಫರ್ಮೇಶನ್ ರೇಶಿಯೊ ಮೈನಸ್ 0.18.

ಕಾಕಾ ಸ್ವಲ್ಪ ಹೊತ್ತು ಸುಮ್ಮನೆ ಕೂತರು. "ಅಂದ್ರ ನಂದು ಹಿಂದ ಅದ," ಅಂದರು. ಹೌದು, ಫಂಡ್ ಮುಂದೆ ಇದೆ, ಕಾಕಾ ಹಿಂದೆ ಇದ್ದಾರೆ. ಮ್ಯಾನೇಜರ್ ಗಳಿಸಿದ 0.6 ಕಮಿಷನ್‌ನಲ್ಲಿ ಹೋಗಿ, ಮೇಲೆ 0.3 ಕೈಯಿಂದ ಹೋಗಿದೆ. ಯಾರೂ ಸುಳ್ಳು ಅಂಕಿ ಬರೆದಿರಲಿಲ್ಲ. ಎರಡು ಕಡೆ ತಪ್ಪು ಕಾಲಮ್ ಹಿಡಿದಿದ್ದರು, ಅಷ್ಟೇ. ಎರಡೂ ತಪ್ಪು ಫಂಡ್‌ನ ಪರವಾಗಿಯೇ ಇದ್ದವು ಅನ್ನುವುದು ನನಗೆ ಬೇಜಾರಾದ ಸಂಗತಿ.

ಅದಕ್ಕೇ ಯಾರಾದರೂ ಟ್ರ್ಯಾಕಿಂಗ್ ಎರರ್ ಸರಿಯಾಗಿ ಬಂತು, ಹಾಗಾಗಿ ಡೇಟಾ ಸರಿ ಇದೆ ಅಂದರೆ ಒಪ್ಪಬೇಡಿ. ಒಂದೇ ಸಮನೆ ಸೇರಿದ ತಪ್ಪು ಅದಕ್ಕೆ ಕಾಣುವುದಿಲ್ಲ.

ಹಂತ 6: ಬಂದ ಅಂಕಿಯನ್ನು ಎಷ್ಟು ನಂಬಬೇಕು

ಸಾಮಾನ್ಯವಾಗಿ ಹಲವು ವರ್ಷ 0.5ರ ಆಸುಪಾಸಿನ ಇನ್ಫರ್ಮೇಶನ್ ರೇಶಿಯೊ ಉಳಿಸಿಕೊಂಡ ಮ್ಯಾನೇಜರ್‌ನನ್ನು ಒಳ್ಳೆಯವರು ಅಂತಾರೆ, 1 ದಾಟಿ ನಿಂತವರು ಅಪರೂಪ. ಆದರೆ "ಹಲವು ವರ್ಷ" ಅನ್ನುವುದೇ ಇಲ್ಲಿ ಮುಖ್ಯ.

ಒಂದು ಸರಳ ಪರೀಕ್ಷೆ ಇದೆ. ಇನ್ಫರ್ಮೇಶನ್ ರೇಶಿಯೊವನ್ನು ವರ್ಷಗಳ ವರ್ಗಮೂಲದಿಂದ ಗುಣಿಸಿ. ಉತ್ತರ 2 ದಾಟಿದರೆ ಇದು ಬರೀ ಅದೃಷ್ಟ ಅಲ್ಲದಿರಬಹುದು ಅಂತ ಹೇಳುವ ಧೈರ್ಯ ಬರುತ್ತದೆ. ನಮ್ಮ ಫಂಡ್‌ಗೆ ಒಂದೇ ವರ್ಷ, 0.36 ಇಂಟು 1, ಅಂದರೆ 0.36. ಇದರಿಂದ ಏನೂ ಹೇಳಲು ಬರುವುದಿಲ್ಲ. 0.5 ಇರುವ ಫಂಡ್ ಕೂಡ 2 ಮುಟ್ಟಬೇಕು ಅಂದರೆ 16 ವರ್ಷ ಬೇಕು, 16ರ ವರ್ಗಮೂಲ 4 ಅಲ್ವಾ. ಅಷ್ಟರಲ್ಲಿ ಮ್ಯಾನೇಜರ್ ಎರಡು ಮೂರು ಸಲ ಬದಲಾಗಿರುತ್ತಾರೆ. ಹಾಗಾಗಿ 12 ತಿಂಗಳ ಅಂಕಿ ಲೆಕ್ಕ ಕಲಿಯಲು ಸಾಕು, ತೀರ್ಮಾನಕ್ಕೆ ಸಾಲದು. ಕಡಿಮೆ ಅಂದರೂ 36 ತಿಂಗಳು ತೆಗೆಯಿರಿ, 60 ಸಿಕ್ಕರೆ ಇನ್ನೂ ಒಳ್ಳೆಯದು.

ಆಮೇಲೆ, F ಕಾಲಮ್ ಮೇಲೆ ಸುಮ್ನೆ ಒಮ್ಮೆ ಕಣ್ಣಾಡಿಸಿ. ನಮ್ಮ ಪಟ್ಟಿಯಲ್ಲಿ ಸೂಚ್ಯಂಕ ಏರಿದ್ದು 7 ತಿಂಗಳು. ಆ ತಿಂಗಳುಗಳ ವ್ಯತ್ಯಾಸ ಕೂಡಿಸಿದರೆ ಪ್ಲಸ್ 2.1. ಇಳಿದ 5 ತಿಂಗಳದು ಮೈನಸ್ 1.5. ಅಂದರೆ ಈ ಫಂಡ್ ಮಾರುಕಟ್ಟೆ ಏರಿದಾಗ ಜಾಸ್ತಿ ಏರುತ್ತದೆ, ಇಳಿದಾಗ ಜಾಸ್ತಿ ಇಳಿಯುತ್ತದೆ. ಅದನ್ನು ಅಳೆಯಲು:

```
=SLOPE(D3:D14,E3:E14)
```

1.20 ಬಂತು. ಇದಕ್ಕೆ ಬೀಟಾ ಅಂತಾರೆ. ಸೂಚ್ಯಂಕ 1% ಅಲುಗಾಡಿದರೆ ಫಂಡ್ ಸುಮಾರು 1.2% ಅಲುಗಾಡಿದೆ. ಆ ವರ್ಷ ಒಟ್ಟಾರೆ ಏರಿದ್ದರಿಂದ 0.6 ಮುಂದೆ ಬಂತು. ಅದರಲ್ಲಿ ಒಂದು ಪಾಲು ಷೇರು ಆರಿಸುವ ಜಾಣತನದ್ದಲ್ಲ, ಹೆಚ್ಚು ಏರಿಳಿಯುವ ಷೇರು ಇಟ್ಟುಕೊಂಡಿದ್ದರ ಫಲ. ಮಾರುಕಟ್ಟೆ ಬೀಳುವ ವರ್ಷದಲ್ಲಿ ಇದೇ ಫಂಡ್‌ನ ಇನ್ಫರ್ಮೇಶನ್ ರೇಶಿಯೊ ಮೈನಸ್ ಆಗುವ ಸಂಭವ ಜಾಸ್ತಿ. ಬೀಟಾ 1ರ ಹತ್ತಿರ ಇದ್ದರೆ ಮಾತ್ರ ಇನ್ಫರ್ಮೇಶನ್ ರೇಶಿಯೊವನ್ನು ಮ್ಯಾನೇಜರ್‌ನ ಕೈಚಳಕ ಅಂತ ಓದಬಹುದು.

ಮೈನಸ್ ಅಂಕಿಗಳನ್ನು ಹೋಲಿಸುವಾಗ ಇನ್ನೊಂದು ಎಚ್ಚರ. ಎರಡು ಫಂಡ್, ಎರಡೂ ಸೂಚ್ಯಂಕಕ್ಕಿಂತ 1% ಹಿಂದೆ. ಒಂದರ ಟ್ರ್ಯಾಕಿಂಗ್ ಎರರ್ 2, ಇನ್ನೊಂದರದು 5. ಭಾಗಿಸಿದರೆ ಮೈನಸ್ 0.5 ಮತ್ತು ಮೈನಸ್ 0.2. ಎರಡನೆಯದು ಮೇಲು ಅಂತ ಕಾಣುತ್ತದೆ, ಆದರೆ ಅದು ಅಷ್ಟೇ ಕಳೆದು, ಜೊತೆಗೆ ಜಾಸ್ತಿ ಓಲಾಡಿಸಿದೆ. ಮೈನಸ್ ಬಂದಾಗ ರೇಶಿಯೊ ಬಿಟ್ಟುಬಿಡಿ, ಎರಡು ಅಂಕಿಗಳನ್ನೂ ಬೇರೆ ಬೇರೆಯಾಗಿ ನೋಡಿ.

ಈಗ ಇಕ್ವಿಟಿ ಫಂಡ್‌ಗಳ ಇನ್ಫರ್ಮೇಶನ್ ರೇಶಿಯೊವನ್ನು ಫಂಡ್ ಕಂಪನಿಗಳೇ ಪ್ರಕಟಿಸಬೇಕು ಅಂತ 2025ರ ಜನವರಿಯಲ್ಲಿ ಸೆಬಿ ಹೇಳಿದೆ. ನೀವು ಮಾಡಿದ ಲೆಕ್ಕವನ್ನು ಅದರ ಪಕ್ಕ ಇಟ್ಟು ನೋಡಿ. ಅವಧಿ ಬೇರೆ ಇದ್ದರೆ, ದಿನದ ಅಂಕಿ ಬದಲು ತಿಂಗಳ ಅಂಕಿ ಹಿಡಿದಿದ್ದರೆ ಸ್ವಲ್ಪ ಹೆಚ್ಚುಕಡಿಮೆ ಬರುವುದು ಸಹಜ. ಪ್ಲಸ್ ಇದ್ದದ್ದು ಮೈನಸ್ ಬಂದರೆ ಹಂತ 1 ಮತ್ತು 2ಕ್ಕೆ ವಾಪಸ್ ಹೋಗಿ.

ಇಂಡೆಕ್ಸ್ ಫಂಡ್ ಆದರೆ

ಇಲ್ಲಿ ಮ್ಯಾನೇಜರ್‌ನ ಕೆಲಸ ಸೂಚ್ಯಂಕ ಮೀರುವುದಲ್ಲ, ಅದರ ಪಕ್ಕದಲ್ಲೇ ನಡೆಯುವುದು. ಇನ್ಫರ್ಮೇಶನ್ ರೇಶಿಯೊ ಇಲ್ಲಿ ಬೇಡ. ಖರ್ಚು ಕಳೆದ ಮೇಲೆ ಫಂಡ್ ಸ್ವಲ್ಪ ಹಿಂದೆಯೇ ಇರುತ್ತದೆ, ರೇಶಿಯೊ ಮೈನಸ್ಸೇ ಬರುತ್ತದೆ, ಅದಕ್ಕೆ ಅರ್ಥ ಇಲ್ಲ.

ಟ್ರ್ಯಾಕಿಂಗ್ ಎರರ್ ಬೇಕು, ಆದರೆ ಇಲ್ಲಿ ದಿನದಿನದ ಅಂಕಿ ಹಿಡಿಯುತ್ತಾರೆ. ಒಂದು ವರ್ಷದ ದಿನದ ವ್ಯತ್ಯಾಸಗಳ ಓಲಾಟ ತೆಗೆದು, ವಹಿವಾಟಿನ ದಿನ ಸುಮಾರು 250 ಅಂತ `SQRT(250)` ಇಂದ ಗುಣಿಸುತ್ತಾರೆ. ಷೇರು ಸೂಚ್ಯಂಕದ ಇಂಡೆಕ್ಸ್ ಫಂಡ್‌ಗಳಿಗೆ ಮತ್ತು ಷೇರಿನಂತೆ ಪೇಟೆಯಲ್ಲೇ ಕೊಂಡು ಮಾರುವ ಇಟಿಎಫ್‌ಗಳಿಗೆ ಇದು 2% ದಾಟಬಾರದು ಅಂತ ಸೆಬಿ 2022ರಲ್ಲಿ ಮಿತಿ ಹಾಕಿದೆ. ಇದು ಬಹಳ ಸಡಿಲ ಮಿತಿ. ನಿಫ್ಟಿ 50ರಂಥ ಸುಲಭವಾಗಿ ಕೊಳ್ಳಬಹುದಾದ ಸೂಚ್ಯಂಕದಲ್ಲಿ ದೊಡ್ಡ ಫಂಡ್‌ಗಳದು 2ರ ಹತ್ತಿರವೂ ಸುಳಿಯುವುದಿಲ್ಲ.

ಈ ಓಲಾಟ ಎಲ್ಲಿಂದ ಬರುತ್ತದೆ? ಒಂದು, ಫಂಡ್‌ನಲ್ಲಿ ಉಳಿದ ನಗದು. ಹೊಸ ಹಣ ಬಂದು ಇನ್ನೂ ಷೇರು ಕೊಂಡಿಲ್ಲ ಅಂದರೆ, ಮಾರುಕಟ್ಟೆ ಏರಿದ ದಿನ ಫಂಡ್ ಹಿಂದೆ, ಇಳಿದ ದಿನ ಮುಂದೆ. ಎರಡು, ಸೂಚ್ಯಂಕದ ಕಂಪನಿಗಳು ಬದಲಾಗುವ ದಿನ. ನಿಫ್ಟಿ 50 ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಗೆ ಬದಲಾಗುತ್ತದೆ. ಸೂಚ್ಯಂಕಕ್ಕೆ ಅದು ಕಾಗದದ ಮೇಲಿನ ಬದಲಾವಣೆ, ಫಂಡ್ ನಿಜವಾಗಿ ಮಾರಿ ಕೊಳ್ಳಬೇಕು, ಸಿಕ್ಕ ಬೆಲೆ ಚೂರು ಬೇರೆ ಆಗುತ್ತದೆ.

ಆದರೆ ಫಂಡ್‌ನ ಖರ್ಚು ಓಲಾಟದಲ್ಲಿ ಕಾಣುವುದಿಲ್ಲ. ದಿನವೂ ಒಂದೇ ಸಮ ಕಳೆಯುತ್ತಾರಲ್ಲ, ಮತ್ತೆ ಅದೇ ಮೊದಲ ಕಾಟಾ. ಅದಕ್ಕೆ ಇನ್ನೊಂದು ಅಂಕಿ ನೋಡಬೇಕು, ಟ್ರ್ಯಾಕಿಂಗ್ ಡಿಫರೆನ್ಸ್: ವರ್ಷದ ಫಂಡ್ ಬೆಳವಣಿಗೆ ಕಳೆ ಟಿಆರ್‌ಐ ಬೆಳವಣಿಗೆ. ಒಂದು ಇಂಡೆಕ್ಸ್ ಫಂಡ್‌ನ ಟ್ರ್ಯಾಕಿಂಗ್ ಎರರ್ 0.05, ಡಿಫರೆನ್ಸ್ ಮೈನಸ್ 1.0 ಅಂತಿಟ್ಟುಕೊಳ್ಳಿ. ಇನ್ನೊಂದರದು 0.10 ಮತ್ತು ಮೈನಸ್ 0.25. ಎರಡನೆಯದನ್ನೇ ಕೊಳ್ಳಿ. ಲಕ್ಷ ರೂಪಾಯಿಗೆ ವರ್ಷಕ್ಕೆ 750 ರೂಪಾಯಿ ಉಳಿಯುತ್ತದೆ, ಆ 0.05ರ ಓಲಾಟ ನಿಮ್ಮ ಅನುಭವಕ್ಕೂ ಬರುವುದಿಲ್ಲ.

ಲೆಕ್ಕ ಕೆಟ್ಟಿದೆ ಅಂತ ತಿಳಿಯುವುದು ಹೇಗೆ

ದಿನದ ಅಂಕಿಗಳಲ್ಲಿ ಪದೇ ಪದೇ ಆಗುವ ತಪ್ಪು ಅಂದರೆ ಸಾಲು ಜಾರುವುದು. ಎರಡು ಫೈಲ್‌ಗಳನ್ನು ಪಕ್ಕಪಕ್ಕ ಅಂಟಿಸುವಾಗ ಒಂದರಲ್ಲಿ ಒಂದು ದಿನ ಇಲ್ಲದಿದ್ದರೆ, ಅಲ್ಲಿಂದ ಕೆಳಗೆ ಸೋಮವಾರದ ಎನ್‌ಎವಿ ಎದುರು ಮಂಗಳವಾರದ ಸೂಚ್ಯಂಕ ಬಂದು ಕೂರುತ್ತದೆ. ಒಂದು ದಿನಕ್ಕೂ ಮುಂದಿನ ದಿನಕ್ಕೂ ಮಾರುಕಟ್ಟೆಯಲ್ಲಿ ಹೆಚ್ಚು ನಂಟಿಲ್ಲ, ಹಾಗಾಗಿ ಟ್ರ್ಯಾಕಿಂಗ್ ಎರರ್ ಸೂಚ್ಯಂಕದ ಸ್ವಂತ ಓಲಾಟದ 1.4 ಪಟ್ಟು ತನಕ ಹಾರುತ್ತದೆ. ಸೂಚ್ಯಂಕದ ಓಲಾಟ ವರ್ಷಕ್ಕೆ 14% ಇದ್ದರೆ ಸುಮಾರು 20%. ಇಂಡೆಕ್ಸ್ ಫಂಡ್‌ಗೆ ಎರಡಂಕಿಯ ಟ್ರ್ಯಾಕಿಂಗ್ ಎರರ್ ಬಂದರೆ ಫಂಡನ್ನು ಬೈಯುವ ಮುಂಚೆ ದಿನಾಂಕ ನೋಡಿ. ಅಂಟಿಸುವ ಬದಲು `VLOOKUP` ಹಾಕಿ ದಿನಾಂಕದ ಮೇಲೇ ಜೋಡಿಸಿದರೆ ಈ ಗೋಳೇ ಇಲ್ಲ.

F ಕಾಲಮ್‌ನಲ್ಲಿ ಒಂದೇ ಒಂದು ಅಂಕಿ ಉಳಿದವಕ್ಕಿಂತ ಹತ್ತು ಪಟ್ಟು ದೊಡ್ಡದಿದ್ದರೆ, ಅದು ಹಣ ಹಂಚುವ ಆಯ್ಕೆಯ ಎನ್‌ಎವಿ ಇರಬಹುದು, ಇಲ್ಲವೇ ಟೈಪ್ ಮಾಡುವಾಗ ಒಂದು ಅಂಕೆ ತಪ್ಪಿರಬಹುದು. ಆ ಒಂದು ಸಾಲು ಇಡೀ ಟ್ರ್ಯಾಕಿಂಗ್ ಎರರ್ ಅನ್ನು ಹೊತ್ತುಕೊಂಡಿರುತ್ತದೆ, ಯಾಕಂದರೆ ನಾವು ವರ್ಗ ತೆಗೆಯುತ್ತೇವೆ.

ವಿದೇಶಿ ಸೂಚ್ಯಂಕದ ಫಂಡ್‌ಗೆ ಸೂಚ್ಯಂಕವನ್ನು ಅದೇ ದಿನದ ದರದಲ್ಲಿ ರೂಪಾಯಿಗೆ ತಂದು ಹೋಲಿಸಿ. ಡಾಲರ್ ಅಂಕಿ ಹಾಗೇ ಇಟ್ಟರೆ ನೀವು ಅಳೆಯುವುದು ಫಂಡನ್ನಲ್ಲ, ರೂಪಾಯಿಯ ಏರಿಳಿತವನ್ನು.

ಕಾಕಾ ಮುಂದಿನ ವಾರ ಏಜೆಂಟ್‌ಗೆ ಹಾಳೆ ವಾಪಸ್ ಕೊಟ್ಟರು. ಹಿಂಭಾಗದಲ್ಲಿ ತಮ್ಮ ಮಾಸ್ತರ್ ಅಕ್ಷರದಲ್ಲಿ ಬರೆದಿದ್ದರು: "ಟಿಆರ್‌ಐ ಹಾಕ್ರಿ. ರೆಗ್ಯುಲರ್ ಪ್ಲಾನ್ ಹಾಕ್ರಿ. 60 ತಿಂಗಳದು ಕೊಡ್ರಿ." ಅದು ಬಂದ ಮೇಲೆ ಫಂಡ್ ಇಟ್ಟುಕೊಳ್ಳುವುದೋ ಬಿಡುವುದೋ ಅಂತ ನೋಡೋಣ ಅಂದಿದ್ದಾರೆ.